ಇಪ್ಪತ್ತೊಂದನೇ ದಿನದ ಸೂಜಿ

ರುಮ್ಯಾಟಿಕ್ ಜ್ವರ ಬಂದು ಹೋದ ಮಕ್ಕಳಿಗೆ ಅದು ಮರಳಿ ಬಾರದಂತೆ ಬೆಂಜಥೀನ್ ಪೆನಿಸಿಲಿನ್ ಹಾಕುವುದು ಗದಗ-ಹಾವೇರಿ ಕಡೆಯ ಸಣ್ಣ ಆಸ್ಪತ್ರೆಗಳಲ್ಲಿ ನಮಗೆ ದಿನನಿತ್ಯದ ಕೆಲಸ. ಕೆಡುವುದು ಹೆಚ್ಚಾಗಿ ಎರಡೇ ಕಡೆ: ಸೂಜಿ ಅರ್ಧಕ್ಕೆ ಕಟ್ಟಿಕೊಳ್ಳುತ್ತದೆ, ಇಲ್ಲವೇ ದಿನದ ಲೆಕ್ಕ ತಪ್ಪುತ್ತದೆ.

ಮುಂಡರಗಿ ಕಡೆಯ 12 ವರ್ಷದ ಹುಡುಗಿ ಎಂದುಕೊಳ್ಳಿ. ತೂಕ 31 ಕೆಜಿ, ಮೈಟ್ರಲ್ ಕವಾಟದಲ್ಲಿ ಸ್ವಲ್ಪ ಸೋರಿಕೆ. ಡಾಕ್ಟರು ಬರೆದದ್ದು 12 ಲಕ್ಷ ಯೂನಿಟ್, 21 ದಿನಕ್ಕೊಮ್ಮೆ. 27 ಕೆಜಿಗಿಂತ ಕಡಿಮೆ ಇದ್ದಿದ್ದರೆ 6 ಲಕ್ಷ ಆಗುತ್ತಿತ್ತು, ಅಂತರವೂ ಇನ್ನಷ್ಟು ಹತ್ತಿರ ಇರಬಹುದಿತ್ತು. ಹಾಗಾಗಿ ಪ್ರತಿ ಸಲ ತೂಕ ನೋಡುತ್ತೇವೆ. ಬೆಳೆಯುವ ಮಕ್ಕಳು ಈ ಗೆರೆಯನ್ನು ಸದ್ದಿಲ್ಲದೆ ದಾಟಿಬಿಡುತ್ತಾರೆ.

ಈ ಔಷಧ ನೀರಿನಲ್ಲಿ ಕರಗುವುದಿಲ್ಲ, ತೇಲುತ್ತದಷ್ಟೇ. ಸ್ನಾಯುವಿನಲ್ಲಿ ಗಂಟಾಗಿ ಕುಳಿತು ವಾರಗಟ್ಟಲೆ ನಿಧಾನವಾಗಿ ರಕ್ತಕ್ಕೆ ಇಳಿಯುವುದು ಅದಕ್ಕೇ. ಸೂಜಿ ಕಟ್ಟಿಕೊಳ್ಳುವುದೂ ಅದಕ್ಕೇ. ವಯಲ್‌ಗೆ ಅದರ ಮೇಲೆ ಬರೆದಷ್ಟು ಡಿಸ್ಟಿಲ್ಡ್ ವಾಟರ್ ಹಾಕಬೇಕು. ನೋವು ಕಡಿಮೆಯಾಗಲಿ ಎಂದು ನೀರನ್ನು ಇಳಿಸಿದರೆ ಹಾಲಿನಂಥದ್ದು ಗಂಜಿಯಾಗುತ್ತದೆ. ಜೋರಾಗಿ ಕುಲುಕಿದರೆ ನೊರೆ ಬಂದು ಡೋಸ್ ಅಳತೆಗೆ ಸಿಗುವುದಿಲ್ಲ. ಅಂಗೈಗಳ ನಡುವೆ ಉರುಳಿಸುವುದು ಮೇಲು. ಹಾಗೆ ಮಾಡಿದರೆ ದ್ರವ ಸ್ವಲ್ಪ ಬೆಚ್ಚಗೂ ಆಗುತ್ತದೆ. ಫ್ರಿಜ್‌ನಿಂದ ತೆಗೆದ ತಣ್ಣನೆಯ ಔಷಧ ಹೆಚ್ಚು ನೋಯುತ್ತದೆ. ಡಾಕ್ಟರು ಒಪ್ಪಿದರೆ, ನೀರಿನಲ್ಲಿ ಅರ್ಧದಿಂದ ಒಂದು ಎಂಎಲ್ ಬಿಟ್ಟು ಅಷ್ಟೇ ಒಂದು ಪರ್ಸೆಂಟ್ ಲಿಗ್ನೋಕೇನ್ ಬೆರೆಸಬಹುದು. ಅದು ಅಡ್ರಿನಲಿನ್ ಬೆರೆಸದ, ಬರೀ ಲಿಗ್ನೋಕೇನ್ ಆಗಿರಬೇಕು.

ಗುಲಾಬಿ ಬಣ್ಣದ 18 ನಂಬರ್ ಸೂಜಿಯಿಂದ ಎಳೆದು, ಚುಚ್ಚಲು ಹಸಿರು 21 ಹಾಕುತ್ತೇವೆ. ‘ಮಗು ಪಾಪ’ ಎಂದು ನೀಲಿ 23 ಹಾಕಿದರೆ ಅದು ಕಟ್ಟಿಕೊಳ್ಳುವುದು ಬಹುತೇಕ ಖಾತ್ರಿ, ಆಮೇಲೆ ಪಾಪ ಇಮ್ಮಡಿ. ಮಗುವನ್ನು ಪಕ್ಕಕ್ಕೆ ಮಲಗಿಸಿ ಜಾಗ ಒರೆಸಿದ ನಂತರವೇ ಸಿರಿಂಜ್‌ಗೆ ಎಳೆಯಬೇಕು; ತುಂಬಿಟ್ಟು ಕಾಯ್ದರೆ ಪುಡಿ ತಳಕ್ಕೆ ಕೂರುತ್ತದೆ. ಸ್ಪಿರಿಟ್ ಆರಲಿ, ಹಸಿಯಿದ್ದರೆ ಉರಿಯುತ್ತದೆ.

ಜಾಗ ಸೊಂಟದ ಪಕ್ಕದ್ದು. ಬಲಸೊಂಟವಾದರೆ ಎಡ ಅಂಗೈಯನ್ನು ತೊಡೆಮೂಳೆಯ ಉಬ್ಬಿನ ಮೇಲಿಟ್ಟು, ತೋರುಬೆರಳು ಮುಂದಿನ ಸೊಂಟದೆಲುಬಿನ ತುದಿಗೆ, ನಡುಬೆರಳು ಹಿಂದಕ್ಕೆ ಅಗಲಿಸಿ, ನಡುವಿನ ಸಂದಿನಲ್ಲಿ ನೇರ ಆಳಕ್ಕೆ. ಪ್ಲಂಜರ್ ಎಳೆದು ರಕ್ತ ಬರಲಿಲ್ಲವೆಂದು ನೋಡಿಕೊಳ್ಳುವುದು ಕಡ್ಡಾಯ. ಈ ಔಷಧ ರಕ್ತನಾಳಕ್ಕೆ ಹೋಗಲೇಬಾರದು. ಆಮೇಲೆ ಎರಡು-ಮೂರು ನಿಮಿಷ ಒಂದೇ ಸಮನೆ, ನಿಲ್ಲಿಸದೆ ಒತ್ತಬೇಕು. ಮಗು ಅತ್ತಿತೆಂದು ನಿಲ್ಲಿಸಿದ ಕ್ಷಣದಲ್ಲೇ ಕಟ್ಟಿಕೊಳ್ಳುವುದು. ಪ್ಲಂಜರ್ ಗಟ್ಟಿಯಾದರೆ ಬಲ ಹಾಕಬೇಡಿ. ಸೂಜಿ ಕಳಚಿ ಔಷಧ ಗೋಡೆಗೆ ಹಾರುತ್ತದೆ. ಹೊರತೆಗೆದು ಸೂಜಿ ಬದಲಿಸಿ, ಉಳಿದದ್ದನ್ನು ಇನ್ನೊಂದು ಬದಿಗೆ ಹಾಕಿ. ಚೆಲ್ಲಿ ಹೋಗಿದ್ದರೆ ಕಾರ್ಡಿನಲ್ಲಿ ಪೂರ್ತಿ ಡೋಸ್ ಎಂದು ಬರೆಯದೆ ಡಾಕ್ಟರಿಗೆ ತಿಳಿಸಿ.

ಅರ್ಧ ಗಂಟೆ ಕೂರಿಸುತ್ತೇವೆ. ಬೆವರಿ ಬಿಳಿಚಿಕೊಂಡು, ನಾಡಿ ನಿಧಾನವಾಗಿ, ಮಲಗಿಸಿದ ಕೂಡಲೇ ಸುಧಾರಿಸಿದರೆ ಅದು ಹೆದರಿಕೆಯ ತಲೆಸುತ್ತು. ನಾಡಿ ಓಡುತ್ತಿದ್ದು, ಮೈಮೇಲೆ ದದ್ದು, ಉಬ್ಬಸ ಅಥವಾ ವಾಂತಿ ಇದ್ದರೆ ಅದು ಅಲರ್ಜಿ. ಆಗ ತಡಮಾಡದೆ ತೊಡೆಗೆ ಅಡ್ರಿನಲಿನ್, ಈ ಹುಡುಗಿಗೆ 0.3 ಎಂಎಲ್ (ಎಂಎಲ್‌ಗೆ 1 ಮಿಗ್ರಾಂ ಇರುವುದು). ಮೊದಲು ಚರ್ಮದ ಟೆಸ್ಟ್ ಸರಿ ಬಂದಿತ್ತು ಎಂಬ ಕಾರಣಕ್ಕೆ ಅಡ್ರಿನಲಿನ್ ಟ್ರೇಯನ್ನು ಒಳಗಿಡಬಾರದು. ಏದುಸಿರು, ಕಾಲು ಬಾವು ಇರುವ ಮಗುವಿಗೆ ಡಾಕ್ಟರು ನೋಡದೆ ಹಾಕುವುದೇ ಬೇಡ. ಕವಾಟ ತೀರಾ ಹಾಳಾದ ಮಕ್ಕಳಿಗೆ ಅಲರ್ಜಿ ಇಲ್ಲದೆಯೂ ಅಪಾಯ ಇರುತ್ತದೆ.

ಇನ್ನು ದಿನದ ಲೆಕ್ಕ. ‘ಮೂರು ವಾರ’ ಎಂದರೂ ಮನೆಗೆ ಹೋಗುವಷ್ಟರಲ್ಲಿ ಅದು ‘ತಿಂಗಳಿಗೊಮ್ಮೆ’ ಆಗಿರುತ್ತದೆ. 21 ದಿನವೆಂದರೆ ಯಾವಾಗಲೂ ಅದೇ ವಾರವೇ ಬರುತ್ತದೆ. 2025ರ ಫೆಬ್ರುವರಿ 3 ಸೋಮವಾರ ಶುರುವಾದರೆ ಮುಂದಿನವು ಫೆಬ್ರುವರಿ 24, ಮಾರ್ಚ್ 17, ಏಪ್ರಿಲ್ 7, ಎಲ್ಲವೂ ಸೋಮವಾರ. ತಿಂಗಳ ಲೆಕ್ಕದಲ್ಲಿ ಮಾರ್ಚ್ 3ಕ್ಕೆ ಬಂದರೆ ಕೊನೆಯ ಒಂದು ವಾರ ರಕ್ತದಲ್ಲಿ ಔಷಧ ಸಾಲದೆ ಇರಬಹುದು. ಈ ಜ್ವರವನ್ನು ಮತ್ತೆ ಎಬ್ಬಿಸುವ ಸ್ಟ್ರೆಪ್ ರೋಗಾಣು ಗಂಟಲಿಗೆ ಹತ್ತುವುದಕ್ಕೆ ಅಷ್ಟೇ ಸಂದು ಸಾಕು. ಸಾಧ್ಯವಾದರೆ ಊರಿನ ಸಂತೆಯ ದಿನವನ್ನೇ ಆರಿಸಿಕೊಳ್ಳುತ್ತೇವೆ. ಹೇಗೂ ಪೇಟೆಗೆ ಬರುತ್ತಾರೆ. ದುಡಿಯಲು ಗೋವಾಕ್ಕೆ ಹೋಗುವ ಮನೆಯವರ ಕಾರ್ಡಿನಲ್ಲಿ ಮುಂದಿನ ನಾಲ್ಕು ದಿನಾಂಕ ಬರೆದು, ಡಾಕ್ಟರ ಚೀಟಿಯನ್ನೂ ಲಗತ್ತಿಸುತ್ತೇವೆ.

ತಪ್ಪಿದರೆ ಬಂದ ದಿನವೇ ಒಂದು ಡೋಸ್, ಅಲ್ಲಿಂದ ಹೊಸ ಲೆಕ್ಕ. ಎರಡನ್ನು ಒಟ್ಟಿಗೆ ಹಾಕುವುದಿಲ್ಲ. ‘ಈಗ ಕೀಲ್ ನೋವಿಲ್ರಿ ಅಕ್ಕಾರ, ಮತ್ತ್ಯಾಕ ಸೂಜಿ?’ ಎನ್ನುವ ತಾಯಿಗೆ ಕಾರ್ಡಿನ ಕೊನೆಯ ಪುಟ ತೋರಿಸುತ್ತೇವೆ. ಹೃದಯಕ್ಕೆ ತಾಗಿಲ್ಲದಿದ್ದರೂ ಕಡಿಮೆಯೆಂದರೆ ಐದು ವರ್ಷ, ಈ ಹುಡುಗಿಯಂತೆ ಕವಾಟಕ್ಕೆ ತಾಗಿದ್ದರೆ ಹತ್ತು ವರ್ಷ ಅಥವಾ ಅದಕ್ಕೂ ಹೆಚ್ಚು. ನಿಲ್ಲಿಸುವ ದಿನವನ್ನು ಎಕೋ ನೋಡಿ ಡಾಕ್ಟರೇ ಬರೆಯುತ್ತಾರೆ. ಅಲ್ಲಿಯವರೆಗೆ ಆ ಖಾನೆ ಖಾಲಿ.