ತಿರುಗಾಡುವ ದಿನಕ್ಕೆ ಅಗ್ಗದ ರೂಮು, ಕೂರುವ ದಿನಕ್ಕೆ ಒಳ್ಳೇ ರೂಮು

ನಮ್ಮದು ಕೊಪ್ಪಳ. ನಮ್ಮ ಮನೆಯವರದು ಗಂಗಾವತಿ. ಹನಿಮೂನ್‌ಗೆ ಅಂತ ಇಬ್ಬರೂ ಸೇರಿ ತೆಗೆದಿಟ್ಟಿದ್ದು 20,000 ರೂಪಾಯಿ. ಮುಯ್ಯಿ ದುಡ್ಡಿನಲ್ಲಿ ನಮ್ಮ ಕೈಗೆ ಉಳಿದಿದ್ದಕ್ಕೆ ಸಂಬಳದ ದುಡ್ಡು ಸೇರಿಸಿ ಅಷ್ಟಾಗಿತ್ತು. ಅದಕ್ಕಿಂತ ದೊಡ್ಡ ಪ್ರಶ್ನೆ ಬೇರೆ ಇತ್ತು. ನನಗೆ ಹಳೇ ಗುಡಿ, ಶಾಸನ, ಕೋಟೆ ಅಂದ್ರೆ ಜೀವ. ಇಟಗಿಯ ಮಹಾದೇವ ದೇವಾಲಯ ನೋಡುತ್ತ ಬೆಳೆದವಳು ನಾನು. ಅವರಿಗೆ ಸಮುದ್ರದ ಮುಂದೆ ಸುಮ್ನೆ ಕೂರಬೇಕು, ನೀರಿಗಿಳಿಯಬೇಕು, ಮೀನು ತಿನ್ನಬೇಕು.

"ಗುಡಿ ನೋಡೂದಾದ್ರ ಹಂಪಿಗೇ ಹೋಗೂಣಲ್ಲ, ಇಲ್ಲೇ ಐತಿ" ಅಂದರು ಅವರು. "ನೀರು ನೋಡೂದಾದ್ರ ಮುನಿರಾಬಾದಿನಾಗ ಡ್ಯಾಮ್ ಐತಲ್ರೀ" ಅಂದೆ ನಾನು. ಇಬ್ಬರ ಮಾತಿನಲ್ಲೂ ನ್ಯಾಯ ಇತ್ತು. ಆಮೇಲೆ ಒಂದೊಂದು ಚೀಟಿ ತಗೊಂಡು ಬೇರೆ ಬೇರೆ ಕೂತು ಬರೆದೆವು. ಯಾವುದು ಇಲ್ಲದಿದ್ದರೆ ಹೋಗಿದ್ದೂ ಸುಳ್ಳು ಅನ್ನಿಸುತ್ತೆ, ಯಾವುದು ಬೇಡವೇ ಬೇಡ, ಇವೆರಡೇ. ಅವರದು: ಸಮುದ್ರ ಬೇಕು, ದಿನಕ್ಕೆ ಒಂದಕ್ಕಿಂತ ಜಾಸ್ತಿ ಗುಡಿ ಬೇಡ. ನನ್ನದು: ಬನವಾಸಿ ಬೇಕು, ರಾತ್ರಿಯೆಲ್ಲ ಕುಡಿದು ಗದ್ದಲ ಹಾಕುವ ಜಾಗ ಬೇಡ. ಎದುರಿಗೆ ಕೂತು ಕೇಳಿದ್ದರೆ ಇಬ್ಬರೂ ಸಂಕೋಚಕ್ಕೆ "ನೀವು ಹೇಳಿದ್ದೇ ಆಗ್ಲಿ" ಅಂದುಬಿಡುತ್ತಿದ್ದೆವು. ಹೊಸ ಮದುವೆ, ಅಲ್ವಾ?

ಈ ಎರಡು ಚೀಟಿ ಇಟ್ಟುಕೊಂಡು ನೋಡಿದರೆ ಉತ್ತರ ಕನ್ನಡ ಜಿಲ್ಲೆ ಬಿಟ್ಟು ಬೇರೆ ಕಡೆ ನೋಡುವ ಅಗತ್ಯವೇ ಇರಲಿಲ್ಲ. ಶಿರಸಿಯಲ್ಲಿದ್ದುಕೊಂಡು ಬನವಾಸಿ, ಅಲ್ಲಿಂದ ಘಾಟ್ ಇಳಿದರೆ ಗೋಕರ್ಣ. ಬಂಧುಗಳು ಜೋಗ, ಮುರುಡೇಶ್ವರ, ದಾಂಡೇಲಿ ಎಲ್ಲ ಸೇರಿಸಲು ಹೇಳಿದರು. ಹೋಗುವ ದಿನ, ಬರುವ ದಿನ ಬಿಟ್ಟು ಉಳಿದ ಯಾವ ದಿನವೂ ಮೂರು ತಾಸಿಗಿಂತ ಜಾಸ್ತಿ ಬಸ್ಸಿನಲ್ಲಿ ಕೂರಬಾರದು ಅಂತ ಮಾಡಿಕೊಂಡಿದ್ದೆವು. ಆ ಲೆಕ್ಕ ಹಾಕಿದ ಕೂಡಲೇ ಪಟ್ಟಿ ತಾನೇ ಸಣ್ಣದಾಯಿತು. ನಾವು ಹೋಗುವ ಜನವರಿ ಹೊತ್ತಿಗೆ ಜೋಗದಲ್ಲಿ ನೀರೂ ಕಡಿಮೆ. ಲಿಂಗನಮಕ್ಕಿ ಅಣೆಕಟ್ಟು ಮೇಲೆಯೇ ನೀರು ಹಿಡಿದಿಡುತ್ತದೆ, ಮಳೆಗಾಲ ಕಳೆದ ಮೇಲೆ ಬೀಳುವುದು ಸಣ್ಣ ಧಾರೆ.

ರಾಜ್ಯದೊಳಗೇ ಉಳಿಯಲು ಇನ್ನೊಂದು ಕಾರಣ ಇತ್ತು. ಶಕ್ತಿ ಯೋಜನೆಯಲ್ಲಿ ಸಾರಿಗೆ ಸಂಸ್ಥೆಯ ಸಾಮಾನ್ಯ ಮತ್ತು ಎಕ್ಸ್‌ಪ್ರೆಸ್ ಬಸ್ಸುಗಳಲ್ಲಿ ನನ್ನ ಟಿಕೆಟ್ ಉಚಿತ. ಕರ್ನಾಟಕದ ವಿಳಾಸ ಇರುವ ಆಧಾರ್ ತೋರಿಸಿದರೆ ಸಾಕು. ಗೋವಾಕ್ಕೆ ಹೋಗುವ ಅಂತರರಾಜ್ಯ ಬಸ್ಸಿಗೆ, ಸ್ಲೀಪರ್ ಮತ್ತು ಎಸಿ ಬಸ್ಸಿಗೆ ಇದು ನಡೆಯುವುದಿಲ್ಲ. ಹಾಗಾಗಿ ಹುಬ್ಬಳ್ಳಿವರೆಗೆ ರೈಲು, ಆಮೇಲೆ ಕೆಂಪು ಬಸ್ಸು. ಬಸ್ಸಿನ ಖರ್ಚು ಒಬ್ಬರದ್ದು ಮಾತ್ರ.

ಈಗ ಮುಖ್ಯ ಮಾತಿಗೆ ಬರುತ್ತೇನೆ. ಮೊದಲು ನಾವು ಎಲ್ಲಾ ರಾತ್ರಿಗೂ 2,000 ರೂಪಾಯಿ ಆಸುಪಾಸಿನ ರೂಮು ಅಂತ ಸಮ ಹಂಚಿದ್ದೆವು. ಆ ದರಕ್ಕೆ ಶಿರಸಿಯಲ್ಲಿ ಬೇಕಾದ್ದಕ್ಕಿಂತ ಜಾಸ್ತಿ ಸಿಗುತ್ತಿತ್ತು. ಗೋಕರ್ಣದಲ್ಲಿ ಸಮುದ್ರ ಕಾಣದ ರೂಮು ಸಿಗುತ್ತಿತ್ತು. ಆಗ ಹೊಳೆಯಿತು, ನನ್ನ ದಿನಗಳಲ್ಲಿ ರೂಮಿನಲ್ಲಿ ಇರುವವರು ಯಾರು? ಬೆಳಗ್ಗೆ ಹೊರಟರೆ ರಾತ್ರಿ ಮಲಗಲು ಬರುತ್ತೇವೆ. ಅಲ್ಲಿ ಬಿಸಿನೀರು, ಚೊಕ್ಕ ಹಾಸಿಗೆ, ಸ್ವಚ್ಛ ಬಚ್ಚಲು ಇದ್ದರೆ ಆಯಿತು. ಅವರ ದಿನಗಳಲ್ಲಿ ಮಾತ್ರ ರೂಮಿನ ಕಟ್ಟೆಯೇ ಪ್ರವಾಸ. ಅದಕ್ಕೆ ಶಿರಸಿಯ ಎರಡು ರಾತ್ರಿಗೆ 1,100ರ ಲಾಡ್ಜು, ಗೋಕರ್ಣದ ಮೂರು ರಾತ್ರಿಗೆ ಕೂಡ್ಲೆ ಬೀಚಿನಲ್ಲಿ 2,800ರ ಕಾಟೇಜು. ಒಟ್ಟು 10,600. ಸಮ ಹಂಚಿದಾಗ ಆಗುತ್ತಿದ್ದಕ್ಕಿಂತ 600 ಮಾತ್ರ ಹೆಚ್ಚು. ಸಿಕ್ಕಿದ್ದು ಮಾತ್ರ ಬೇರೆಯೇ.

ಕಾಟೇಜಿನವರಿಗೆ ಫೋನ್ ಮಾಡಿ "ಸೀ ವ್ಯೂ ಇದೆಯಾ" ಅಂತ ಕೇಳಲಿಲ್ಲ. ಹಾಗೆ ಕೇಳಿದರೆ ಎಲ್ಲರೂ ಇದೆ ಅಂತಾರೆ. ಬಾಗಿಲು ತೆಗೆದು ನಿಂತು ಒಂದು ವಿಡಿಯೋ ಕಳಿಸಿ ಅಂದೆವು. ಕಳಿಸದವರನ್ನು ಬಿಟ್ಟೆವು. ಒಬ್ಬರ ವಿಡಿಯೋದಲ್ಲಿ ಎದುರಿನ ಹೋಟೆಲಿನ ತಗಡಿನ ಮೇಲೆ ಗೇಣುದ್ದ ನೀಲಿ ಕಾಣುತ್ತಿತ್ತು, ಅವರನ್ನೂ ಬಿಟ್ಟೆವು. ಆಟೋ ಎಲ್ಲಿವರೆಗೆ ಬರುತ್ತದೆ ಅಂತಲೂ ಕೇಳಬೇಕು. ಕೂಡ್ಲೆಗೆ ಆಟೋ ಮೇಲೆಯೇ ನಿಲ್ಲುತ್ತದೆ, ಬ್ಯಾಗು ಹೊತ್ತು ಇಳಿಯಬೇಕು. ಮುಖ್ಯವಾಗಿ ವಾರದ ದಿನ ನೋಡಿ. ಅದೇ ಕಾಟೇಜಿಗೆ ಶನಿವಾರ ರಾತ್ರಿ 4,500 ಹೇಳಿದರು. ಅದಕ್ಕೇ ಭಾನುವಾರ ಹೊರಟು ಶುಕ್ರವಾರ ವಾಪಸ್ಸಾದೆವು. ಹೊಸ ವರ್ಷದ ಗದ್ದಲ ಇಳಿದು, ನಮ್ಮೂರ ಗವಿಮಠದ ಜಾತ್ರೆ ಮುಗಿದು, ಜನವರಿ 26ರ ರಜೆ ಇನ್ನೂ ಬಾರದ ವಾರ ಅದು. ಶಿವರಾತ್ರಿ ಹತ್ತಿರವಾದರೆ ಗೋಕರ್ಣದಲ್ಲಿ ರೂಮು ಸಿಗುವುದೇ ಕಷ್ಟ.

ಹೊಸ ಜೋಡಿಗೆ ಒಂದು ಮಾತು: ಇಬ್ಬರ ಆಧಾರ್ ಮೂಲ ಪ್ರತಿ ಇಟ್ಟುಕೊಳ್ಳಿ, ಲಗ್ನಪತ್ರಿಕೆಯ ಫೋಟೋ ಮೊಬೈಲಿನಲ್ಲಿರಲಿ. ನನ್ನ ಆಧಾರಿನಲ್ಲಿ ಇನ್ನೂ ತವರಿನ ವಿಳಾಸವೇ ಇತ್ತು. ಲಾಡ್ಜಿನ ಕೌಂಟರಿನಲ್ಲಿ ಪತ್ರಿಕೆ ತೋರಿಸಿದ ಮೇಲೆ ಮತ್ತೇನೂ ಕೇಳಲಿಲ್ಲ.

ಮೊದಲು ತಿರುಗಾಟ, ಆಮೇಲೆ ಸಮುದ್ರ ಅಂತ ಇಟ್ಟಿದ್ದು ಬೇಕಂತಲೇ. ಸಮುದ್ರ ಮೊದಲಾಗಿದ್ದರೆ ನನ್ನ ಮನಸ್ಸೆಲ್ಲ ಬನವಾಸಿಯಲ್ಲೇ ಇರುತ್ತಿತ್ತು, ಅವರನ್ನು ನೆಮ್ಮದಿಯಾಗಿ ಕೂರಲು ಬಿಡುತ್ತಿರಲಿಲ್ಲ. ಬನವಾಸಿ ಶಿರಸಿಯಿಂದ ಬಸ್ಸಿಗೆ ಹತ್ತಿರ. ಮಧುಕೇಶ್ವರ ದೇವಾಲಯದ ಮಂಟಪದಲ್ಲಿ ನುಣುಪಾದ ಕಂಬಗಳಿವೆ. ಅವುಗಳ ಹೊಳಪಿನಲ್ಲಿ ಒಂದು ಕಡೆ ನಮ್ಮ ಬಿಂಬ ನೆಟ್ಟಗೆ, ಇನ್ನೊಂದು ಕಡೆ ತಲೆಕೆಳಗಾಗಿ ಕಾಣುತ್ತದೆ. ಉಬ್ಬಿದ ಮೈ, ತಗ್ಗಿದ ಮೈ ಮಾಡುವ ಕೆಲಸ ಅದು. ಗುಡಿ ಬೇಡ ಅಂದವರು ಆ ಕಂಬದ ಮುಂದೆ ಕೂತು, ಎದ್ದು, ಪಕ್ಕಕ್ಕೆ ಸರಿದು ನೋಡಿದ್ದೇ ನೋಡಿದ್ದು. ಐದು ಹೆಡೆಯ ನಾಗರ ಕಲ್ಲಿನ ಶಾಸನದ ಮುಂದೆ ನಾನು ನಿಂತಾಗ ಅವರು ವರದಾ ನದಿ ಕಡೆ ನಡೆದರು. ಒಂದೇ ಗುಡಿ ಅಂತ ಮಾತಾಗಿದ್ದರಿಂದ ಇಬ್ಬರಿಗೂ ಅವಸರ ಇರಲಿಲ್ಲ.

ಶಿರಸಿಯಿಂದ ಕುಮಟಾಕ್ಕೆ ಇಳಿಯುವ ದೇವಿಮನೆ ಘಾಟ್ ರಸ್ತೆ ಕೆಲಸಕ್ಕೆ ಆಗಾಗ ಮುಚ್ಚಿರುತ್ತದೆ. ಶಿರಸಿ ಬಸ್‌ಸ್ಟ್ಯಾಂಡಿನಲ್ಲಿ ಹಿಂದಿನ ದಿನವೇ ಕೇಳಿ. ಮುಚ್ಚಿದ್ದರೆ ಯಲ್ಲಾಪುರ, ಅಂಕೋಲಾ ಸುತ್ತಿಕೊಂಡು ಹೋಗಬೇಕು.

ಗೋಕರ್ಣದಲ್ಲಿ ಬೆಳಗಿನ ಹೊತ್ತು ಇಬ್ಬರೂ ಬೇರೆ ಬೇರೆ. ಅವರು ನೀರಿಗೆ, ನಾನು ಊರೊಳಗೆ ಮಹಾಬಲೇಶ್ವರ, ಕೋಟಿತೀರ್ಥದ ಕಡೆ. "ಹನಿಮೂನಿನಾಗ ಒಬ್ಬೊಬ್ರೇ ಅಡ್ಡಾಡೂದಾ?" ಅಂತ ನಮ್ಮಕ್ಕ ಫೋನಿನಲ್ಲಿ ಗದರಿದಳು. ನನಗೆ ಅದೇ ಒಳ್ಳೇದನ್ನಿಸಿತು. ಹತ್ತು ಗಂಟೆಗೆ ಸೇರಿದಾಗ ಹೇಳಲು ಇಬ್ಬರ ಹತ್ತಿರವೂ ಮಾತು ಇರುತ್ತಿತ್ತು. ನಾನು ಮಾಂಸ, ಮೀನು ಮುಟ್ಟುವುದಿಲ್ಲ. ಮಧ್ಯಾಹ್ನ ನನ್ನ ಖಾನಾವಳಿ, ರಾತ್ರಿ ಅವರ ಬಂಗುಡೆ. ರಾತ್ರಿ ನನಗೆ ಮನೆಯಿಂದ ಒಯ್ದ ಖಡಕ್ ರೊಟ್ಟಿ, ಶೇಂಗಾ ಹಿಂಡಿ, ಜೊತೆಗೆ ಅಲ್ಲಿ ತಗೊಂಡ ಮೊಸರು. ಒಂದು ಮಧ್ಯಾಹ್ನ ಆಟೋ ಮಾಡಿಕೊಂಡು ಮಿರ್ಜಾನ್ ಕೋಟೆಗೆ ಹೋದೆವು. ಕಾಳುಮೆಣಸಿನ ರಾಣಿ ಚೆನ್ನಭೈರಾದೇವಿಯ ಹೆಸರಿನ ಜೊತೆ ಬೆಸೆದ ಜಾಗ. ಅಲ್ಲಿ ಇಬ್ಬರಿಗೂ ಬೇಕಾದ್ದಿತ್ತು: ನನಗೆ ಕೆಂಪು ಜಂಬಿಟ್ಟಿಗೆಯ ಗೋಡೆ, ಅವರಿಗೆ ಕೂರಲು ಹಸಿರು ಹುಲ್ಲು.

ರೂಮಿಗೆ 10,600, ಓಡಾಟಕ್ಕೆ ಸುಮಾರು 3,000, ಊಟ ತಿಂಡಿಗೆ ಸುಮಾರು 4,500. ಉಳಿದ ಚೂರುಪಾರಿನಲ್ಲಿ ಹುಬ್ಬಳ್ಳಿಯಲ್ಲಿ ಎರಡೂ ಮನೆಗೆ ಪೇಡೆ ತಗೊಂಡೆವು.

ಮೇ ತಿಂಗಳಲ್ಲಿ ಮದುವೆಯಾಗಿ ಆಷಾಢಕ್ಕೆ ಮೊದಲು ಹೋಗಿಬರಬೇಕು ಅನ್ನುವವರಿಗೆ ಈ ಲೆಕ್ಕ ತಿರುವಿ ಹಾಕಬೇಕಾಗುತ್ತದೆ. ಮಳೆ ಶುರುವಾದರೆ ಸಮುದ್ರ ಒರಟು, ನೀರಿಗಿಳಿಯುವಂತಿಲ್ಲ. ಆಗ ಕೂರುವ ದಿನಗಳನ್ನು ಶಿರಸಿ ಕಡೆಯ ತೋಟದ ಮನೆಯಲ್ಲಿಟ್ಟು ದುಡ್ಡು ಅಲ್ಲಿ ಹಾಕಿ. ಗೋಕರ್ಣಕ್ಕೆ ಒಂದು ರಾತ್ರಿ, ಊರೊಳಗಿನ ಅಗ್ಗದ ಲಾಡ್ಜು ಸಾಕು.