ಅಮ್ಮನ ಕೆಮ್ಮಿಗೆ ತಾರೀಖು ಹಚ್ಚಿದ್ದು

ಅಮ್ಮನ ಒಣ ಕೆಮ್ಮಿಗೆ ಶಿರಸಿಯಲ್ಲಿ ಎಕ್ಸ್‌ರೇ, ಹುಬ್ಬಳ್ಳಿಯಲ್ಲಿ ಸಿಟಿ ಸ್ಕ್ಯಾನ್ ಎಲ್ಲ ಆಯಿತು. ಎರಡು ಇನ್ಹೇಲರ್ ಖಾಲಿಯಾದವು. ಬಸ್ಸು, ಊಟ ಸೇರಿ ಹದಿನೆಂಟು ಸಾವಿರದ ಹತ್ತಿರ ಹೋಗಿರಬೇಕು. ಕೆಮ್ಮು ಮಾತ್ರ ಹಾಗೇ ಇತ್ತು.

ಅಮ್ಮ ಎಲ್ಲವನ್ನೂ ಬರೆದಿಡುತ್ತಾಳೆ, ಆದರೆ ತಾರೀಖು ಹಾಕುವುದಿಲ್ಲ. ಅಡಿಕೆ ಲೆಕ್ಕದ ಪುಸ್ತಕದಲ್ಲಿ ಮುಂದಿನಿಂದಲೂ ಹಿಂದಿನಿಂದಲೂ, ಜಾಗ ಸಿಕ್ಕಲ್ಲಿ. ‘ಕೆಮ್ಮು ಇಲ್ಲ, ಸಮುದ್ರದ ಗಾಳಿ ಒಳ್ಳೇದು’ ಎಂಬ ಸಾಲು ‘ಕೆಮ್ಮು ಶುರು’ ಎಂಬುದಕ್ಕಿಂತ ಮೊದಲಿನ ಪುಟದಲ್ಲಿತ್ತು. ಕೆಮ್ಮು ಯಾವಾಗ ಬಂತು, ಯಾವಾಗ ಹೋಯಿತು ಅಂತ ತಾರೀಖಿನ ಪಟ್ಟಿ ಮಾಡಲು ಕೂತೆ. ಮೊದಲ ಸಲ ಪುಟದ ಕ್ರಮದಲ್ಲೇ ಇಳಿಸಿ ಕೆಟ್ಟೆ. ಶಾಯಿ ಬಣ್ಣ ನೋಡಿ ಜೋಡಿಸೋಣ ಅಂತ ಎರಡು ಸಂಜೆ ಕಳೆದೆ. ಮನೆಯಲ್ಲಿರುವುದು ಮೂರೇ ಪೆನ್ನು, ಏನೂ ಗೊತ್ತಾಗಲಿಲ್ಲ. ತಮ್ಮ ‘ಕಥೆ ಬರೀತಿದ್ದೀಯಾ?’ ಅಂತ ನಕ್ಕ.

ಆಮೇಲೆ ಒಂದೊಂದು ಸಂಗತಿಗೆ ಒಂದೊಂದು ಚೀಟಿ ಮಾಡಿದೆ. ಚೀಟಿಯಲ್ಲಿ ಬರೆದ ದಿನ ಬೇರೆ, ಆದ ದಿನ ಬೇರೆ. ‘ಎರಡು ವಾರದಿಂದ ನಿದ್ದೆ ಇಲ್ಲ’ ಅಂದರೆ ಹದಿನಾಲ್ಕು ದಿನ ಹಿಂದಕ್ಕೆ ಹೋಗಬೇಕಲ್ವಾ? ಖಚಿತ ಇಲ್ಲದ್ದಕ್ಕೆ ‘ಇದರ ನಂತರ, ಅದರ ಮೊದಲು’ ಅಂತಷ್ಟೇ ಬರೆದೆ. ಎಕ್ಸೆಲ್‌ನಲ್ಲಿ 2024-03-05 ಹೀಗೆ ವರ್ಷ ಮೊದಲು ಹಾಕಿ. ನಾನು 5/3 ಅಂತ ಹಾಕಿ, ಅದು ಮೇ ತಿಂಗಳಿಗೆ ಹೋಗಿ ಕೂತಿತ್ತು.

ತಾರೀಖು ಕಟ್ಟಿಹಾಕಲು ಗೂಟ ಸಿಕ್ಕಿದ್ದು ಎರಡು ಕಡೆ. ಒಂದು, ಮಾರಿಕಾಂಬೆ ಜಾತ್ರೆ. ಎರಡು ವರ್ಷಕ್ಕೊಮ್ಮೆ ಬರುವುದರಿಂದ ವರ್ಷದ ಗೊಂದಲ ಇಲ್ಲ. 2024ರಲ್ಲಿ ಮಾರ್ಚ್ 19ಕ್ಕೆ ಶುರು. ‘ಜಾತ್ರೆಗೆ ಎರಡು ವಾರ, ಗಂಟಲು ಕೆರೆತ, ಕೆಮ್ಮು’ ಅಂದರೆ ಮಾರ್ಚ್ 5ರ ಆಸುಪಾಸು. (‘ತೇರು’ ಅಂತ ಬರೆದಿದ್ದು ನಮ್ಮೂರ ದೇವಸ್ಥಾನದ ತೇರು. ಅಲ್ಲೊಮ್ಮೆ ಎಡವಿದೆ.) ಎರಡನೆಯದು ಔಷಧಿ ಅಂಗಡಿಯ ಬಿಲ್ಲು. ಬಿಪಿಗೆ ರಾಮಿಪ್ರಿಲ್ ಮೊದಲು ತಂದದ್ದು ಫೆಬ್ರವರಿ 12ಕ್ಕೆ. ಕೆಮ್ಮು ಮೂರು ವಾರದ ಮೇಲೆ.

ಆದರೆ ನನ್ನನ್ನು ಎಬ್ಬಿಸಿ ಕೂರಿಸಿದ್ದು ಬಿಲ್ಲುಗಳ ನಡುವಿನ ಖಾಲಿ. ಏಪ್ರಿಲ್ 12ಕ್ಕೆ 30 ಮಾತ್ರೆ, ಮುಂದಿನ ಬಿಲ್ಲು ಜೂನ್ 18ಕ್ಕೆ. ಮೂವತ್ತು ಮಾತ್ರೆ ಅರವತ್ತೇಳು ದಿನ ಬಂತಾ? ಕೇಳಿದರೆ, ಅಮ್ಮ ಹೊನ್ನಾವರದ ತಂಗಿ ಮನೆಯಲ್ಲಿ ತಿಂಗಳ ಮೇಲೆ ಇದ್ದಳು. ಮಾತ್ರೆ ಮನೆಯಲ್ಲೇ ಮರೆತು, ಚೀಲದಲ್ಲಿದ್ದ ಹಳೆಯ ಬಿಪಿ ಮಾತ್ರೆ ಅಮ್ಲೋಡಿಪಿನ್ ತಿಂದಿದ್ದಾಳೆ. ಸಮುದ್ರದ ಗಾಳಿಯ ಸಾಲು ಆಗಿನದು. ಬಂದು ಮೂರು ವಾರಕ್ಕೆ ‘ಮಳೆ ಹಿಡಿತು, ಮತ್ತೆ ಕೆಮ್ಮು’.

ರಾಮಿಪ್ರಿಲ್ ಜಾತಿಯ ಮಾತ್ರೆಗೆ ಕೆಲವರಿಗೆ ಒಣ ಕೆಮ್ಮು ಬರುವುದು ಡಾಕ್ಟರಿಗೆ ಗೊತ್ತಿರುವುದೇ. ಅಮ್ಮ ‘ಮೊದಲಿಂದಲೂ ಇತ್ತು’ ಅಂದಿದ್ದಕ್ಕೆ ಅತ್ತ ಯಾರೂ ನೋಡಿರಲಿಲ್ಲ. ಮಾತ್ರೆ ನಾವೇ ನಿಲ್ಲಿಸಲಿಲ್ಲ. ಒಂದೇ ಹಾಳೆ ಮಾಡಿ ಡಾಕ್ಟರ ಹತ್ತಿರ ಒಯ್ದೆ. ಅವರು ಎರಡು ನಿಮಿಷ ನೋಡಿ ಬೇರೆ ಜಾತಿಯ ಬಿಪಿ ಮಾತ್ರೆ ಟೆಲ್ಮಿಸಾರ್ಟನ್‌ಗೆ ಬದಲಿಸಿದರು. ನಾಲ್ಕು ವಾರದೊಳಗೆ ಕೆಮ್ಮು ನಿಂತಿತು.

ಈಗ ತಮ್ಮ ಅವನ ಅತ್ತೆಯ ಔಷಧಿ ಚೀಲ ತಂದು ಕೊಟ್ಟಿದ್ದಾನೆ. ಅದರಲ್ಲಿ ಒಂದೂ ಬಿಲ್ಲಿಲ್ಲ, ಸುಮ್ನೆ ಕತ್ತರಿಸಿದ ಸ್ಟ್ರಿಪ್ಪುಗಳು. ಸದ್ಯಕ್ಕೆ ಹಾಗೇ ಇಟ್ಟಿದ್ದೇನೆ.