ಚಾಟಿ ಎಳೆದ ಬಲ ಎಷ್ಟು, ಬುಗುರಿಗೆ ಸಿಕ್ಕ ಸುತ್ತು ಎಷ್ಟು

ಚಾಟಿಯನ್ನು ಉದ್ದ ಮಾಡಿದರೆ ಬುಗುರಿ ಜೋರಾಗಿ ತಿರುಗುತ್ತದೆ ಅನ್ನುವುದು ಆಡಿದವರಿಗೆಲ್ಲ ಗೊತ್ತು. ಎಷ್ಟು ಉದ್ದ ಮಾಡಿದರೆ ಎಷ್ಟು ಜೋರು ಅನ್ನುವುದನ್ನು ಅಳೆದು ನೋಡಬೇಕು ಅನ್ನಿಸಿ ಕೂತೆ. ಲೆಕ್ಕ ಸುಲಭ ಅಂದುಕೊಂಡಿದ್ದೆ. ಆದರೆ ಮೊದಲ ಅಳತೆಯೇ ಕಾಲು ಭಾಗಕ್ಕಿಂತ ಹೆಚ್ಚು ತಪ್ಪಿತು, ಆ ತಪ್ಪನ್ನು ಹುಡುಕುವುದರಲ್ಲೇ ಎರಡು ದಿನ ಹೋಯಿತು.

ಎಸೆದು ಆಡುವ ಬುಗುರಿಯನ್ನು ಇದಕ್ಕೆ ತೆಗೆದುಕೊಳ್ಳಲಿಲ್ಲ. ಎಸೆತದಲ್ಲಿ ಬುಗುರಿಯೂ ಓಡುತ್ತದೆ, ಕೈಯೂ ಓಡುತ್ತದೆ, ಯಾವುದನ್ನು ಅಳೆಯುವುದು? ಅದರ ಬದಲು ಮರದ ದುಂಡನೆ ತಟ್ಟೆಯ ನಡುವೆ ಕಡ್ಡಿ ತೂರಿಸಿದ ಬುಗುರಿ ಮಾಡಿಕೊಂಡೆ. ತಟ್ಟೆ 100 ಗ್ರಾಂ, ಅಗಲ 6 ಸೆಂಟಿಮೀಟರ್. ಕಡ್ಡಿ 8 ಮಿಲಿಮೀಟರ್ ದಪ್ಪ. ಬುಗುರಿಯ ಮೊನೆ ನೆಲಹಾಸಿನ ಟೈಲ್ಸ್ ತುಂಡಿನ ಮೇಲೆ, ಕಡ್ಡಿಯ ಮೇಲ್ತುದಿ ಒಂದು ಹಲಗೆಯ ತೂತಿನೊಳಗೆ. ಚಾಟಿ ಪೂರ್ತಿ ಬಿಚ್ಚಿದ ಕೂಡಲೇ ಹಲಗೆಯನ್ನು ಮೇಲಕ್ಕೆ ಎತ್ತಿಬಿಟ್ಟರೆ ಬುಗುರಿ ತನ್ನ ಪಾಡಿಗೆ ತಿರುಗುತ್ತದೆ.

ಚಾಟಿ 2 ಮಿಲಿಮೀಟರ್ ದಪ್ಪದ ಹತ್ತಿ ದಾರ, ಕಡ್ಡಿಗೆ ಸುತ್ತುವ ಭಾಗ 60 ಸೆಂಟಿಮೀಟರ್. ಅದರ ತುದಿಯನ್ನು ಕಡ್ಡಿಗೆ ಗಂಟು ಹಾಕಬಾರದು. ಗಂಟು ಹಾಕಿದರೆ ಕೊನೆಯಲ್ಲಿ ಬಿಟ್ಟುಕೊಳ್ಳದೆ ಉಲ್ಟಾ ಸುತ್ತಿಕೊಂಡು ಬುಗುರಿಯನ್ನು ನಿಲ್ಲಿಸುತ್ತದೆ. ಹಾಗೇ ಬಿಟ್ಟರೆ ಕೊನೆಯ ಸುತ್ತುಗಳು ಜಾರುತ್ತವೆ. ತುದಿಯನ್ನು ಕಡ್ಡಿಯ ಉದ್ದಕ್ಕೆ ಮಲಗಿಸಿ ಅದರ ಮೇಲೆ ಮೊದಲ ಮೂರು ಸುತ್ತು ಬಿಗಿಯಾಗಿ ಹಾಕಿದೆ. ಕಡ್ಡಿಯನ್ನು ಉಪ್ಪುಕಾಗದದಿಂದ ಸ್ವಲ್ಪ ಒರಟು ಮಾಡಿದೆ. ಜಾರುವುದು ನಿಂತಿತು. ಒಟ್ಟು 19 ಸುತ್ತು, ಒಂದರ ಮೇಲೊಂದು ಏರದಂತೆ ಪಕ್ಕಪಕ್ಕದಲ್ಲಿ.

ಈಗ ಎಳೆಯಬೇಕು. ಕೈಯಿಂದ ಎಳೆದರೆ ಬಲ ಎಷ್ಟೆಂದು ತಿಳಿಯುವುದಿಲ್ಲ. ಅದಕ್ಕೆ ಚಾಟಿಯನ್ನು ಮೇಜಿನ ಅಂಚಿನ ಪುಟ್ಟ ರಾಟೆಯ ಮೇಲೆ ಹಾಯಿಸಿ 1 ಕೆಜಿ ತೂಕದ ಕಲ್ಲು ಕಟ್ಟಿದೆ. ಚಾಟಿ ಬಿಚ್ಚಿ ಮುಗಿಯುವ ಮೊದಲೇ ಕಲ್ಲು ನೆಲ ಮುಟ್ಟಿದರೆ ಲೆಕ್ಕವೆಲ್ಲ ಹಾಳು. ನನಗೆ ಮೊದಲ ಸಲ ಆದದ್ದೇ ಅದು, ನಾಲ್ಕೈದು ಸುತ್ತು ಕಡ್ಡಿಯಲ್ಲೇ ಉಳಿದು ಸಿಕ್ಕಾಗಿ ಹೋಯಿತು. ಮೇಜಿನ ಕಾಲಿನ ಕೆಳಗೆ ಇಟ್ಟಿಗೆ ಕೊಟ್ಟು ಎತ್ತರಿಸಿದೆ.

ಲೆಕ್ಕ ಇಷ್ಟು. ಎಳೆತವನ್ನು ಚಾಟಿಯ ಉದ್ದದಿಂದ ಗುಣಿಸಿದರೆ ಬುಗುರಿಗೆ ಕೊಟ್ಟ ಶಕ್ತಿ. ಅದೇ ಸುತ್ತಿನ ಶಕ್ತಿಯಾಗಿ ಕೂರುತ್ತದೆ:

T × L = ½ I ω²

ಇಲ್ಲಿ T ಎಳೆತ, L ಚಾಟಿಯ ಉದ್ದ, ω ತಿರುಗುವ ವೇಗ; ಅದನ್ನು 2πರಿಂದ ಭಾಗಿಸಿದರೆ ಸೆಕೆಂಡಿಗೆ ಎಷ್ಟು ಸುತ್ತು ಅಂತ ಸಿಗುತ್ತದೆ. I ಅಂದರೆ ತಟ್ಟೆಯ ಇನರ್ಷಿಯಾ, ತಿರುಗಲು ಅದು ತೋರುವ ಹಟ. ನನ್ನ ತಟ್ಟೆಗೆ ಅದು 0.000045 kg·m². ಎಳೆತ 9.8 ನ್ಯೂಟನ್, ಉದ್ದ 0.6 ಮೀಟರ್ ಅಂತ ಹಾಕಿದರೆ ಸೆಕೆಂಡಿಗೆ 81 ಸುತ್ತು ಬರಬೇಕು.

ಎಣಿಸಲು ಮೊಬೈಲ್‌ನ ಸ್ಲೋ ಮೋಷನ್ ಸಾಕು, ಸೆಕೆಂಡಿಗೆ 240 ಫ್ರೇಮ್. ತಟ್ಟೆಯ ಮೇಲೆ ಎದುರುಬದುರು ಎರಡು ಬಿಳಿ ಚುಕ್ಕಿ ಇಟ್ಟೆ. ವಿಡಿಯೊದಲ್ಲಿ ಬುಗುರಿ ಯಾವ ಕಡೆಗೆ ತಿರುಗುತ್ತಿದೆ ಅನ್ನುವುದೇ ತಿಳಿಯಲಿಲ್ಲ! ಒಂದು ಫ್ರೇಮಿನಲ್ಲಿ ಬುಗುರಿ ಕಾಲು ಸುತ್ತಿನ ಆಸುಪಾಸು ತಿರುಗಿದರೆ, ಚುಕ್ಕಿ ತನ್ನ ಹಳೆಯ ಜಾಗಕ್ಕೂ ಎದುರಿನದರ ಜಾಗಕ್ಕೂ ಹೆಚ್ಚುಕಡಿಮೆ ನಡುವೆ ಬಂದಿರುತ್ತದೆ, ಕಣ್ಣು ಅದನ್ನು ಹಿಮ್ಮುಖ ಚಲನೆ ಅಂತಲೂ ಓದಬಹುದು. ಒಂದು ಚುಕ್ಕಿ ಅಳಿಸಿದ ಮೇಲೆ ಸರಿಹೋಯಿತು. 120 ಫ್ರೇಮ್ ಎಣಿಸಿದೆ, ಅಂದರೆ ಅರ್ಧ ಸೆಕೆಂಡ್. ಸಿಕ್ಕಿದ್ದು 28 ಸುತ್ತು ಮತ್ತು ಅರ್ಧ, ಅಂದರೆ ಸೆಕೆಂಡಿಗೆ 57. ಬರಬೇಕಾದದ್ದು 81.

ಮೊದಲು ಘರ್ಷಣೆಯ ಮೇಲೆ ಗುಮಾನಿ ಹೋಯಿತು. ಹಲಗೆಯ ತೂತಿಗೆ ಮೇಣದಬತ್ತಿ ತಿಕ್ಕಿದೆ. 57 ಇದ್ದದ್ದು 61ಕ್ಕೆ ಏರಿತು, ಅಲ್ಲಿಗೆ ನಿಂತಿತು. ಇನ್ನೂ 20 ಎಲ್ಲಿ ಹೋಯಿತು?

ಕಲ್ಲು ಬೀಳುವುದನ್ನು ಪಕ್ಕದಿಂದ ವಿಡಿಯೊ ಮಾಡಿದಾಗ ಹೊಳೆಯಿತು. ಕಲ್ಲು ಹಗುರಾಗಿ ಇಳಿಯುತ್ತಿರಲಿಲ್ಲ, ಧಬಕ್ಕನೆ ಬೀಳುತ್ತಿತ್ತು. ವೇಗ ಏರಿಸಿಕೊಳ್ಳುತ್ತಾ ಬೀಳುವ ಕಲ್ಲು ತನ್ನ ಪೂರ್ತಿ ಭಾರವನ್ನು ದಾರಕ್ಕೆ ಕೊಡುವುದಿಲ್ಲ. ನಿಂತ ಕಲ್ಲು ಕೊಡುವ ಎಳೆತ 9.8 ನ್ಯೂಟನ್, ಬೀಳುವ ಕಲ್ಲಿನದು ಅದಕ್ಕಿಂತ ಕಡಿಮೆ. ಕಡ್ಡಿಯ ನಡುವಿನಿಂದ ದಾರದ ನಡುವಿಗೆ 5 ಮಿಲಿಮೀಟರ್. ಆ ಅಳತೆ ಹಿಡಿದು ಲೆಕ್ಕ ಹಾಕಿದರೆ ಕಲ್ಲಿನ ವೇಗ ಪ್ರತಿ ಸೆಕೆಂಡಿಗೆ 3.5 ಮೀಟರ್‌ನಷ್ಟು ಏರುತ್ತಾ ಹೋಗುತ್ತದೆ, ದಾರದಲ್ಲಿ ಉಳಿಯುವ ಎಳೆತ 6.3 ನ್ಯೂಟನ್ ಮಾತ್ರ. ಕಲ್ಲಿನಿಂದ ಬಂದ ಒಟ್ಟು 5.9 ಜೂಲ್‌ನಲ್ಲಿ 3.8 ಬುಗುರಿಗೆ, ಉಳಿದ 2.1 ಕಲ್ಲಿನ ಓಟಕ್ಕೇ ಖರ್ಚು. ನೆಲದ ಮೇಲೆ ಮಡಚಿಟ್ಟ ಬಟ್ಟೆಗೆ ಅದು ಕೊಟ್ಟ ಗುದ್ದು ಅದೇ ಶಕ್ತಿ. 6.3 ಹಾಕಿ ಮತ್ತೆ ಲೆಕ್ಕ ಮಾಡಿದರೆ ಬರುವುದು ಸೆಕೆಂಡಿಗೆ 65 ಸುತ್ತು. ನನ್ನ 61ಕ್ಕೂ ಅದಕ್ಕೂ ಇರುವ ವ್ಯತ್ಯಾಸ ತೂತಿನ ಉಜ್ಜಾಟ, ಶಕ್ತಿಯ ಲೆಕ್ಕದಲ್ಲಿ ಎಂಟನೇ ಒಂದು ಪಾಲು. ಅಷ್ಟನ್ನು ಒಪ್ಪಿಕೊಂಡೆ.

ಇನ್ನೊಂದು ಪರೀಕ್ಷೆ ಉದ್ದದ್ದು. ಚಾಟಿಯನ್ನು 30 ಸೆಂಟಿಮೀಟರ್‌ಗೆ ಇಳಿಸಿದೆ, ಉಳಿದದ್ದೆಲ್ಲ ಅದೇ. ಸುತ್ತು ಅರ್ಧಕ್ಕೆ ಇಳಿಯಲಿಲ್ಲ, 43ಕ್ಕೆ ಇಳಿಯಿತು. ಶಕ್ತಿ ಅರ್ಧವಾದರೆ ವೇಗ ಅದರ ವರ್ಗಮೂಲದಷ್ಟೇ ಕುಗ್ಗುತ್ತದೆ, ಅಂದರೆ 1.41ರಿಂದ ಭಾಗಿಸಿದಷ್ಟು. ಸುತ್ತನ್ನು ಎರಡು ಪಟ್ಟು ಮಾಡಬೇಕೆಂದರೆ ಚಾಟಿ ನಾಲ್ಕು ಪಟ್ಟು ಉದ್ದ ಬೇಕು, ಇಲ್ಲವೇ ಎಳೆತ ನಾಲ್ಕು ಪಟ್ಟು. ನಾಲ್ಕು ಪಟ್ಟು ಚಾಟಿ ಅಂದರೆ 2.4 ಮೀಟರ್, ಅಷ್ಟು ಉದ್ದಕ್ಕೆ ಒಂದೇ ಬೀಸಿಗೆ ಯಾರ ತೋಳು ಚಾಚುತ್ತದೆ?

ಕೊನೆಗೆ ಕಲ್ಲು ಬಿಚ್ಚಿ ಅದೇ 60 ಸೆಂಟಿಮೀಟರ್ ಚಾಟಿಯನ್ನು ಕೈಯಿಂದಲೇ ಎಳೆದೆ. ಮೊದಲು ಸ್ಪ್ರಿಂಗ್ ತಕ್ಕಡಿಯನ್ನು ಗೋಡೆಯ ಮೊಳೆಗೆ ಸಿಕ್ಕಿಸಿ ಅಷ್ಟೇ ಬಲದಿಂದ ಎಳೆದು ನೋಡಿದ್ದೆ, 5 ಕೆಜಿ ತೋರಿಸಿತ್ತು. ಬುಗುರಿಗೆ ಬಂದ ಸುತ್ತು 78. ಅದರಿಂದ ಹಿಂದಕ್ಕೆ ಲೆಕ್ಕ ಹಾಕಿ, ಉಜ್ಜಾಟದ ಪಾಲನ್ನೂ ಸೇರಿಸಿದರೆ, ಸರಾಸರಿ ಎಳೆತ 10 ನ್ಯೂಟನ್‌ನ ಆಸುಪಾಸು, ಅಂದರೆ ಸುಮಾರು 1 ಕೆಜಿಯ ಭಾರ. ಗೋಡೆ ನಿಂತಲ್ಲೇ ನಿಂತಿರುತ್ತದೆ, ಬುಗುರಿಯ ಚಾಟಿಯಾದರೋ ಬಿಚ್ಚುತ್ತಾ ಓಡುತ್ತದೆ. ಕೊನೆಯ ಗಳಿಗೆಯಲ್ಲಿ ಸೆಕೆಂಡಿಗೆ ಎರಡೂವರೆ ಮೀಟರ್ ವೇಗದಲ್ಲಿ ಓಡುವ ಆ ದಾರದ ಜೊತೆ ಕೈಯೂ ಓಡಬೇಕು, ಓಡುತ್ತಲೇ ಎಳೆಯಬೇಕು.

ಫಟ್ಟನೆ ಜಗ್ಗಿದರೆ ಇನ್ನೂ ಹೆಚ್ಚು ಬರಬಹುದು ಅಂತ ಜಗ್ಗಿದೆ. ಬಂದದ್ದು 68, ಮೊದಲಿಗಿಂತ ಕಡಿಮೆ. ವಿಡಿಯೊ ನಿಧಾನ ಮಾಡಿ ನೋಡಿದರೆ ಕಾರಣ ಕಾಣುತ್ತದೆ. ಮೊದಲ ಒಂದಷ್ಟು ಸುತ್ತು ದಾರ ಬಿಲ್ಲಿನ ಹೆದೆಯಂತೆ ಸೆಟೆದಿದೆ. ಆಮೇಲೆ ಕೈ ಹಿಂದೆ ಬಿದ್ದು, ಬುಗುರಿಯೇ ದಾರ ಬಿಡುತ್ತಾ ಹೋಗಿ, ಕೊನೆಯ ಗೇಣುದ್ದ ಸಡಿಲವಾಗಿ ಜೋತುಬಿದ್ದಿದೆ. ಆ ಗೇಣು ಚಾಟಿ ಕಡ್ಡಿಗೆ ಸುತ್ತಿತ್ತು ಅನ್ನುವುದು ಬಿಟ್ಟರೆ ಬುಗುರಿಗೆ ಏನೂ ಕೊಡಲಿಲ್ಲ.